ಅವಕಲ ಸಮೀಕರಣಗಳ ಜೋಡಿ: ಐಗನ್‌ವ್ಯಾಲ್ಯೂನಿಂದ ಆರಂಭಿಕ ಷರತ್ತಿನವರೆಗೆ, ಹಂತ ಹಂತವಾಗಿ

ಎರಡು ಅವಕಲ ಸಮೀಕರಣಗಳು ಒಂದಕ್ಕೊಂದು ಹೆಣೆದುಕೊಂಡಿರುವ ಲೆಕ್ಕದಲ್ಲಿ ಐಗನ್‌ವ್ಯಾಲ್ಯೂ ಕಂಡುಹಿಡಿಯುವವರೆಗೆ ಹೆಚ್ಚಿನವರು ಸರಿಯಾಗಿಯೇ ಬರುತ್ತಾರೆ. ಎಡವುವುದು ಅದರ ನಂತರ. ಐಗನ್‌ವೆಕ್ಟರ್‌ನಲ್ಲಿ ಒಂದು ಚಿಹ್ನೆ ತಪ್ಪುತ್ತದೆ, ಇಲ್ಲವೇ ಆರಂಭಿಕ ಷರತ್ತನ್ನು ತಪ್ಪು ಜಾಗದಲ್ಲಿ ಹಾಕುತ್ತಾರೆ. ಉತ್ತರ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಸಮೀಕರಣಕ್ಕೆ ಹೊಂದುವುದಿಲ್ಲ. ಹಾಗಾಗಿ ಇಲ್ಲಿ ಒಂದೇ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಯಾವ ಹಂತದಲ್ಲಿ ಏನು ಕೆಡುತ್ತದೆ, ಕೆಟ್ಟಿದ್ದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಅಲ್ಲಲ್ಲೇ ನೋಡೋಣ.

ಲೆಕ್ಕ ಇದು:

```
x' = 5x - 6y
y' + 4y = 3x
x(0) = 4,  y(0) = 1
```

ಇಲ್ಲಿ x ಮತ್ತು y ಎರಡೂ ಸಮಯ t ಜೊತೆ ಬದಲಾಗುತ್ತವೆ. x' ಅಂದರೆ x ಬದಲಾಗುವ ದರ.

## ಶುರು ಮಾಡುವ ಮೊದಲು ಏನು ಗೊತ್ತಿರಬೇಕು

ವರ್ಗಸಮೀಕರಣ ಬಿಡಿಸಲು ಬರಬೇಕು. 2×2 ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಕಟ್ಟಲು ಬರಬೇಕು. e^(kt) ಅನ್ನು ಅವಕಲಿಸಿದರೆ k e^(kt) ಬರುತ್ತದೆ ಎಂಬುದು ನೆನಪಿರಬೇಕು. ಇಷ್ಟು ಸಾಕು. ಪೆನ್ನು, ಕಾಗದದಲ್ಲೇ ಪೂರ್ತಿ ಮುಗಿಯುವ ಲೆಕ್ಕ ಇದು. ಕೊನೆಯಲ್ಲಿ ತಾಳೆ ನೋಡಲು ಪೈಥಾನ್ ಇದ್ದರೆ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ವಿಷಯ. ಈ ದಾರಿ ಸಹಗುಣಕಗಳು (5, -6, 3, -4) ಸ್ಥಿರವಾಗಿದ್ದಾಗ ಮಾತ್ರ ನಡೆಯುತ್ತದೆ. ಸಮೀಕರಣದಲ್ಲಿ x², xy ತರಹದ ಪದಗಳಿದ್ದರೆ, ಅಥವಾ ಸಹಗುಣಕದ ಜಾಗದಲ್ಲೇ t ಕೂತಿದ್ದರೆ ಇದನ್ನು ಬಳಸಬೇಡಿ. ಬಲಗಡೆ ಬೇರೆಯಾಗಿ ಒಂದು ಸಂಖ್ಯೆಯೋ sin t ಯೋ ಸೇರಿಕೊಂಡಿದ್ದರೆ ಈ ದಾರಿ ಅರ್ಧ ಕೆಲಸ ಮಾತ್ರ ಮಾಡುತ್ತದೆ.

## ಹಂತ 1: ಸಮೀಕರಣಗಳನ್ನು ಸಾಲಾಗಿ ಜೋಡಿಸಿ

ಎಡಗಡೆ ಅವಕಲ ಒಂದೇ ಇರಬೇಕು. ಬಲಗಡೆ ಮೊದಲು x, ಆಮೇಲೆ y. ನಮ್ಮ ಎರಡನೇ ಸಮೀಕರಣ ಹಾಗಿಲ್ಲ, 4y ಎಡಗಡೆ ಇದೆ. ಅದನ್ನು ಆಚೆ ಕಳಿಸಿದರೆ:

```
x' = 5x - 6y
y' = 3x - 4y
```

ಈಗ ಸಹಗುಣಕಗಳನ್ನು ಎತ್ತಿ ಮ್ಯಾಟ್ರಿಕ್ಸ್ ಬರೆಯಿರಿ:

```
A = [ 5  -6 ]
    [ 3  -4 ]
```

ಇದು ಸುಲಭದ ಹಂತ. ಆದರೆ ಇಲ್ಲಿ ಆಗುವ ತಪ್ಪು ಮುಂದೆ ಎಲ್ಲೂ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಎರಡನೇ ಸಾಲಿನಲ್ಲಿ 4 ಅಂತ ಬರೆದರೂ ಐಗನ್‌ವ್ಯಾಲ್ಯೂ ಏನೋ ಒಂದು ಬರುತ್ತದೆ, ಲೆಕ್ಕ ಸಾಗುತ್ತಲೇ ಇರುತ್ತದೆ. ಕೆಲವು ಸಲ ಪ್ರಶ್ನೆಯಲ್ಲೇ y' = -4y + 3x ಎಂದು ತಿರುಗಿಸಿ ಕೊಟ್ಟಿರುತ್ತಾರೆ. ಕಂಡ ಕ್ರಮದಲ್ಲೇ ಅಂಕಿಗಳನ್ನು ಎತ್ತಿಕೊಂಡರೆ -4 ಹೋಗಿ x ನ ಕಂಬಸಾಲಿನಲ್ಲಿ ಕೂರುತ್ತದೆ. ಯಾವುದಾದರೂ ಸಮೀಕರಣದಲ್ಲಿ y ಇಲ್ಲವೇ ಇಲ್ಲ ಅಂದರೆ ಆ ಜಾಗಕ್ಕೆ 0 ಬರೆಯಿರಿ, ಖಾಲಿ ಬಿಡಬೇಡಿ.

## ಹಂತ 2: ಐಗನ್‌ವ್ಯಾಲ್ಯೂ ಕಂಡುಹಿಡಿಯಿರಿ

ನಾವು ಹುಡುಕುತ್ತಿರುವುದು e^(λt) ರೂಪದ ಪರಿಹಾರ. ಅಂಥದ್ದು ಸಿಗಬೇಕಾದರೆ A - λI ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಸೊನ್ನೆಯಾಗಬೇಕು. ಅಂದರೆ ಮುಖ್ಯಕರ್ಣದ ಎರಡು ಸಂಖ್ಯೆಗಳಿಂದ ಮಾತ್ರ λ ಕಳೆದು ಡಿಟರ್ಮಿನೆಂಟ್ ಕಟ್ಟಬೇಕು:

```
(5 - λ)(-4 - λ) - (-6)(3) = 0
λ² - λ - 20 + 18 = 0
λ² - λ - 2 = 0
(λ - 2)(λ + 1) = 0
```

ಐಗನ್‌ವ್ಯಾಲ್ಯೂಗಳು 2 ಮತ್ತು -1. ಎರಡೂ ವಾಸ್ತವ, ಎರಡೂ ಬೇರೆ ಬೇರೆ.

ಇಲ್ಲಿ ಜಾಸ್ತಿ ಜನ ತಪ್ಪುವುದು ಮೊದಲ ಸಾಲಿನ ಕೊನೆಯ ಭಾಗದಲ್ಲಿ. (-6)(3) ಅಂದರೆ -18. ಅದನ್ನು ಕಳೆದಾಗ +18 ಆಗುತ್ತದೆ. ಅವಸರದಲ್ಲಿ -18 ಎಂದೇ ಬರೆದರೆ λ² - λ - 38 = 0 ಬರುತ್ತದೆ, ಅದರ ಮೂಲಗಳು ವಿಕಾರವಾಗಿರುತ್ತವೆ. ಮೂಲಗಳು ವಿಕಾರವಾದ ಮಾತ್ರಕ್ಕೆ ತಪ್ಪು ಎಂದಲ್ಲ. ನಿಜವಾಗಿಯೂ √ ಇರುವ ಉತ್ತರಗಳು ಬರುತ್ತವೆ. ಹಾಗಾಗಿ ಕಣ್ಣಂದಾಜು ಬಿಟ್ಟು ಈ ಎರಡು ಪರೀಕ್ಷೆಗಳನ್ನು ಮಾಡಿ.

ಮೊದಲನೆಯದು ಮೊತ್ತ. ಐಗನ್‌ವ್ಯಾಲ್ಯೂಗಳನ್ನು ಕೂಡಿದರೆ ಮುಖ್ಯಕರ್ಣದ ಮೊತ್ತ ಬರಬೇಕು. 2 + (-1) = 1, ಕರ್ಣದಲ್ಲಿ 5 + (-4) = 1. ಸರಿ. ಎರಡನೆಯದು ಗುಣಲಬ್ಧ. ಅವುಗಳನ್ನು ಗುಣಿಸಿದರೆ A ನ ಡಿಟರ್ಮಿನೆಂಟ್ ಬರಬೇಕು. 2 × (-1) = -2, ಡಿಟರ್ಮಿನೆಂಟ್ -20 + 18 = -2. ಇದೂ ಸರಿ. ಹತ್ತು ಸೆಕೆಂಡಿನ ಕೆಲಸ, ಬಿಡಬೇಡಿ. ಡಿಟರ್ಮಿನೆಂಟನ್ನು ಮಾತ್ರ ಹೊಸದಾಗಿ ಕಟ್ಟಿ. ಮೇಲಿನ ಸಾಲಿನಿಂದಲೇ ಎತ್ತಿಕೊಂಡರೆ ಅಲ್ಲಿದ್ದ ತಪ್ಪೂ ಜೊತೆಗೆ ಬರುತ್ತದೆ.

ವರ್ಗಸಮೀಕರಣದಲ್ಲಿ b² - 4ac ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದೆ ಹೋಗಿ. ನಮ್ಮಲ್ಲಿ ಅದು 1 + 8 = 9. ಸೊನ್ನೆ ಬಂದರೆ ಒಂದೇ ಮೂಲ ಎರಡು ಸಲ ಬಂದಿದೆ ಎಂದರ್ಥ. ಋಣ ಬಂದರೆ ಮೂಲಗಳು ಸಂಕೀರ್ಣ ಸಂಖ್ಯೆಗಳು. ಆ ಎರಡಕ್ಕೂ ದಾರಿ ಬೇರೆ. ಐಗನ್‌ವ್ಯಾಲ್ಯೂಗಳಲ್ಲಿ ಒಂದು 0 ಆದರೆ ಗಾಬರಿ ಬೇಡ, ಅದೂ ಒಂದು ವಾಸ್ತವ ಸಂಖ್ಯೆಯೇ. e^(0t) ಅಂದರೆ 1, ಆ ಭಾಗ ಬದಲಾಗದೆ ಉಳಿಯುತ್ತದೆ ಅಷ್ಟೇ.

## ಹಂತ 3: ಪ್ರತಿ ಐಗನ್‌ವ್ಯಾಲ್ಯೂಗೂ ಅದರದೇ ಐಗನ್‌ವೆಕ್ಟರ್

ಈಗ λ ಬೆಲೆಯನ್ನು A - λI ಒಳಗೆ ಹಾಕಿ. λ = 2 ಆದಾಗ:

```
[ 3  -6 ] [a]   [0]
[ 3  -6 ] [b] = [0]
```

ಅಡ್ಡಸಾಲು ಹೇಳುವುದು 3a - 6b = 0, ಅಂದರೆ a = 2b. b = 1 ಎಂದಿಟ್ಟುಕೊಂಡರೆ a = 2. ಐಗನ್‌ವೆಕ್ಟರ್ (2, 1).

λ = -1 ಆದಾಗ ಸ್ವಲ್ಪ ನಿಧಾನಿಸಿ. A - (-1)I ಅಂದರೆ A + I. ಕರ್ಣಕ್ಕೆ 1 ಕೂಡಬೇಕು, ಕಳೆಯಬಾರದು.

```
[ 6  -6 ] [a]   [0]
[ 3  -3 ] [b] = [0]
```

6a = 6b, ಅಂದರೆ a = b. ಐಗನ್‌ವೆಕ್ಟರ್ (1, 1).

ಈ ಹಂತದಲ್ಲೇ ಒಂದು ಒಳ್ಳೆಯ ಎಚ್ಚರಿಕೆ ಗಂಟೆ ಇದೆ. ಎರಡು ಅಡ್ಡಸಾಲುಗಳೂ ಒಂದೇ ಮಾತು ಹೇಳಬೇಕು, ಒಂದು ಇನ್ನೊಂದರ ಗುಣಕವಾಗಿರಬೇಕು. (6, -6) ಮತ್ತು (3, -3) ಹಾಗಿವೆ. ಈಗ ಯಾರೋ ಚಿಹ್ನೆ ತಪ್ಪಿಸಿ -1 ರ ಬದಲು 1 ಹಾಕಿದರು ಅಂದುಕೊಳ್ಳಿ. ಆಗ ಸಾಲುಗಳು (4, -6) ಮತ್ತು (3, -5) ಆಗುತ್ತವೆ. ಒಂದು a = 1.5b ಎನ್ನುತ್ತದೆ, ಇನ್ನೊಂದು 3a = 5b ಎನ್ನುತ್ತದೆ. ಎರಡಕ್ಕೂ ಹೊಂದುವುದು a = 0, b = 0 ಮಾತ್ರ. ಐಗನ್‌ವೆಕ್ಟರ್ (0, 0) ಬಂತು ಅಂದರೆ ಅದು ಉತ್ತರವಲ್ಲ, ತಪ್ಪಿನ ಸೂಚನೆ. ಮುಂದೆ ಹೋಗಬೇಡಿ. ಐಗನ್‌ವ್ಯಾಲ್ಯೂ ತಪ್ಪಿದೆ, ಇಲ್ಲವೇ ಅದನ್ನು ಒಳಗೆ ಹಾಕುವಾಗ ತಪ್ಪಾಗಿದೆ.

ಬಹಳ ಜನ ಒಂದೇ ಸಾಲು ನೋಡಿ ಐಗನ್‌ವೆಕ್ಟರ್ ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ಈ ಗಂಟೆ ಕೇಳಿಸುವುದೇ ಇಲ್ಲ. ಒಂದು ಸಾಲಿನಿಂದ ಕಂಡುಹಿಡಿಯಿರಿ, ಇನ್ನೊಂದರಲ್ಲಿ ಹಾಕಿ ನೋಡಿ. ಯಾವುದಾದರೂ ಸಾಲು ಪೂರ್ತಿ ಸೊನ್ನೆಯಾಗಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಇನ್ನೊಂದನ್ನು ಬಳಸಿ.

ಇನ್ನು ಮೇಲಿಂದ ಮೇಲೆ ಬರುವ ಗೊಂದಲ: "ನನಗೆ (4, 2) ಬಂದಿದೆ, ಪುಸ್ತಕದಲ್ಲಿ (2, 1) ಇದೆ." ಎರಡೂ ಸರಿ. (-2, -1) ಕೂಡ ಸರಿ. ಐಗನ್‌ವೆಕ್ಟರ್‌ಗೆ ದಿಕ್ಕು ಮುಖ್ಯ, ಉದ್ದ ನಿಮ್ಮಿಷ್ಟ. ನೀವು (4, 2) ತೆಗೆದುಕೊಂಡರೆ ಮುಂದೆ ಬರುವ ಸ್ಥಿರಾಂಕ ಅರ್ಧವಾಗುತ್ತದೆ, ಕೊನೆಯ ಉತ್ತರ ಒಂದೇ ಆಗಿರುತ್ತದೆ. ಹಾಗಾಗಿ ಸ್ಥಿರಾಂಕಗಳನ್ನು ಪುಸ್ತಕದ ಜೊತೆ ಹೋಲಿಸಬೇಡಿ, ಕೊನೆಯ x(t), y(t) ಗಳನ್ನು ಹೋಲಿಸಿ. ಆದರೆ ಒಮ್ಮೆ ಆರಿಸಿಕೊಂಡ ವೆಕ್ಟರನ್ನು ನಡುವೆ ಬದಲಾಯಿಸಬೇಡಿ. (4, 2) ಇಟ್ಟುಕೊಂಡು ಸ್ಥಿರಾಂಕ ಕಂಡುಹಿಡಿದು, ಕೊನೆಯ ಸಾಲಿನಲ್ಲಿ ಚೆಂದ ಕಾಣಲಿ ಅಂತ ಸುಮ್ನೆ (2, 1) ಬರೆದರೆ ಆ ಭಾಗದ ಬೆಲೆ ಅರ್ಧವಾಗಿಬಿಡುತ್ತದೆ.

## ಹಂತ 4: ಸಾಮಾನ್ಯ ಪರಿಹಾರ ಬರೆಯಿರಿ

ಪ್ರತಿ ಐಗನ್‌ವ್ಯಾಲ್ಯೂವನ್ನು ಅದರದೇ ಐಗನ್‌ವೆಕ್ಟರ್ ಜೊತೆ ಸೇರಿಸಿ:

```
x(t) = 2 c1 e^(2t) + c2 e^(-t)
y(t) =   c1 e^(2t) + c2 e^(-t)
```

c1, c2 ಇನ್ನೂ ಗೊತ್ತಿಲ್ಲದ ಸ್ಥಿರಾಂಕಗಳು. ಗಮನಿಸಬೇಕಾದದ್ದು, x ಗೆ ಒಂದು ಜೋಡಿ, y ಗೆ ಇನ್ನೊಂದು ಜೋಡಿ ಸ್ಥಿರಾಂಕಗಳಿಲ್ಲ. ಒಟ್ಟು ಎರಡೇ, ಅವೇ ಎರಡೂ ಸಾಲುಗಳಲ್ಲಿವೆ. ನಿಮ್ಮ ಹಾಳೆಯಲ್ಲಿ c3, c4 ಕಾಣಿಸಿಕೊಂಡರೆ x ಮತ್ತು y ನಡುವಿನ ನಂಟು ಕಡಿದುಹೋಗಿದೆ ಎಂದರ್ಥ.

(2, 1) ವೆಕ್ಟರ್ ಮೇಲಿನಿಂದ ಕೆಳಗೆ ಇಳಿಯುತ್ತದೆ: 2 x ನ ಸಾಲಿಗೆ, 1 y ನ ಸಾಲಿಗೆ. ಅದನ್ನು ಅಡ್ಡಡ್ಡ ಹಾಕಿ x = 2c1 e^(2t) + 1c2 e^(-t), y = 1c1 e^(2t) + 1c2 e^(-t) ಎಂದು ಬರೆಯುವವರಿದ್ದಾರೆ. ಈ ಲೆಕ್ಕದಲ್ಲಿ ಸಂಖ್ಯೆಗಳು ಹೊಂದಿಕೊಂಡಿರುವುದರಿಂದ ಅಡ್ಡಡ್ಡ ಹಾಕಿದರೂ ಅದೇ ಉತ್ತರ ಬರುತ್ತದೆ. ಬೇರೆ ಲೆಕ್ಕದಲ್ಲಿ, ಉದಾಹರಣೆಗೆ ವೆಕ್ಟರ್‌ಗಳು (2, 3) ಮತ್ತು (1, -1) ಆಗಿದ್ದರೆ, ಆ ಅಭ್ಯಾಸ ಲೆಕ್ಕವನ್ನೇ ಕೆಡಿಸುತ್ತದೆ. ಒಂದು ವೆಕ್ಟರ್ ಅಂದರೆ ಒಂದು ಕಂಬಸಾಲು, ಹಾಗೆ ನೆನಪಿಟ್ಟುಕೊಳ್ಳಿ.

## ಹಂತ 5: ಆರಂಭಿಕ ಷರತ್ತನ್ನು ಕೂರಿಸಿ

ಈಗ t = 0 ಹಾಕಿ. e^0 = 1, ಆದ್ದರಿಂದ ಎಲ್ಲ ಘಾತಗಳೂ ಮಾಯವಾಗಿ ಬರೀ ಸಂಖ್ಯೆಗಳು ಉಳಿಯುತ್ತವೆ:

```
2 c1 + c2 = 4
  c1 + c2 = 1
```

ಮೇಲಿನದರಿಂದ ಕೆಳಗಿನದನ್ನು ಕಳೆದರೆ c1 = 3. ಆಮೇಲೆ c2 = 1 - 3 = -2. ಇವನ್ನು ಹಿಂದಕ್ಕೆ ಹಾಕಿದರೆ ಉತ್ತರ:

```
x(t) = 6 e^(2t) - 2 e^(-t)
y(t) = 3 e^(2t) - 2 e^(-t)
```

ಅತಿ ಹೆಚ್ಚು ಲೆಕ್ಕ ಕೆಡುವುದು ಇಲ್ಲೇ. x(0) = 4 ಅಂತ ಕೊಟ್ಟಿದ್ದಾರೆ, ಹಾಗಾದರೆ c1 = 4, c2 = 1 ಅಂದುಕೊಳ್ಳುತ್ತಾರೆ. c1 ಅಂದರೆ x ನ ಆರಂಭಿಕ ಬೆಲೆ ಅಲ್ಲ. ಆರಂಭದ ಬಿಂದು (4, 1) ರಲ್ಲಿ (2, 1) ದಿಕ್ಕಿನ ಪಾಲು ಎಷ್ಟು ಎಂಬುದು c1. (1, 1) ದಿಕ್ಕಿನ ಪಾಲು c2. 3 × (2, 1) - 2 × (1, 1) ಮಾಡಿ ನೋಡಿ, (4, 1) ಬರುತ್ತದೆ. ಈ ಪಾಲು ಹಂಚುವುದು ಅರ್ಥವಾದರೆ ಇಡೀ ಹಂತ ಅರ್ಥವಾದಂತೆ.

c1, c2 ಸಿಗದೇ ಹೋದರೆ, ಅಂದರೆ ಎರಡು ಸಮೀಕರಣಗಳು ಒಂದೇ ಆಗಿಬಿಟ್ಟರೆ ಅಥವಾ ಒಂದಕ್ಕೊಂದು ವಿರುದ್ಧವಾದರೆ, ತಪ್ಪು ಈ ಹಂತದಲ್ಲಿಲ್ಲ. ಐಗನ್‌ವ್ಯಾಲ್ಯೂಗಳು ಬೇರೆ ಬೇರೆಯಾಗಿದ್ದರೆ ಐಗನ್‌ವೆಕ್ಟರ್‌ಗಳು ಒಂದೇ ದಿಕ್ಕಿಗೆ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಉತ್ತರ ಸಿಕ್ಕೇ ಸಿಗಬೇಕು. ಸಿಗಲಿಲ್ಲವೆಂದರೆ ಹಂತ 3 ಕ್ಕೆ ಹಿಂದಿರುಗಿ.

ಷರತ್ತು t = 0 ರಲ್ಲಿ ಇಲ್ಲದಿದ್ದರೆ. x(1) = 4, y(1) = 1 ಎಂದು ಕೊಟ್ಟಿದ್ದಾರೆ ಅಂದುಕೊಳ್ಳಿ. ಆಗ t = 0 ಹಾಕುವಂತಿಲ್ಲ. t = 1 ಹಾಕಿದರೆ e², e^(-1) ಗಳು ಸಮೀಕರಣದ ತುಂಬ ಓಡಾಡುತ್ತವೆ. ಅದರ ಬದಲು ಸಾಮಾನ್ಯ ಪರಿಹಾರದಲ್ಲೇ t ಇದ್ದ ಕಡೆ (t - 1) ಬರೆದುಕೊಳ್ಳಿ. ಸಹಗುಣಕಗಳು ಸಮಯದ ಜೊತೆ ಬದಲಾಗುವುದಿಲ್ಲವಲ್ಲ, ಗಡಿಯಾರ ಎಲ್ಲಿಂದ ಶುರುವಾದರೂ ಸಮೀಕರಣಕ್ಕೆ ವ್ಯತ್ಯಾಸವಿಲ್ಲ. ಆಗ t = 1 ರಲ್ಲಿ ಘಾತಗಳು ಮತ್ತೆ 1 ಆಗುತ್ತವೆ, c1 = 3, c2 = -2 ಮೊದಲಿನಂತೆಯೇ ಬರುತ್ತವೆ:

```
x(t) = 6 e^(2(t-1)) - 2 e^(-(t-1))
y(t) = 3 e^(2(t-1)) - 2 e^(-(t-1))
```

ಒಂದು ಸಾಲಿನಲ್ಲಿ (t - 1), ಇನ್ನೊಂದರಲ್ಲಿ ಬರೀ t ಬೆರೆಸಬೇಡಿ. -(t-1) ನ ಆವರಣ ಬಿಡಿಸುವಾಗಲೂ ಎಚ್ಚರ, ಅದು -t + 1.

ಎರಡೂ ಷರತ್ತು x ಮೇಲೆಯೇ ಇದ್ದರೆ. x(0) = 4, x'(0) = 14 ಎಂದು ಕೊಟ್ಟು y(0) ಕೊಡದೇ ಇರಬಹುದು. ಮೊದಲ ಸಮೀಕರಣದಲ್ಲಿ t = 0 ಹಾಕಿ: 14 = 5 × 4 - 6 y(0). ಆಗ y(0) = 1. ಇಲ್ಲಿಂದ ಮೇಲಿನ ದಾರಿಯೇ.

## ಹಂತ 6: ತಾಳೆ ನೋಡಿ

ಎರಡು ತಾಳೆ ಬೇಕು, ಒಂದು ಸಾಲದು. t = 0 ಹಾಕಿದಾಗ x = 6 - 2 = 4, y = 3 - 2 = 1. ಇದು ಆರಂಭಿಕ ಷರತ್ತಿಗೆ ಹೊಂದುತ್ತದೆ ಎಂದಷ್ಟೇ ಹೇಳುತ್ತದೆ. ಐಗನ್‌ವೆಕ್ಟರ್ ತಪ್ಪಿದ್ದರೂ ಈ ತಾಳೆ ಸರಿಯಾಗಿಯೇ ಬರುತ್ತದೆ, ಏಕೆಂದರೆ c1, c2 ಗಳನ್ನು ಹಾಗೆ ಬರುವಂತೆಯೇ ಆರಿಸಿದ್ದೇವೆ ಅಲ್ವಾ?

ಆದ್ದರಿಂದ ಮೂಲ ಸಮೀಕರಣಕ್ಕೆ ಹಾಕಲೇಬೇಕು. x ಅನ್ನು ಅವಕಲಿಸಿದರೆ 12 e^(2t) + 2 e^(-t). ಬಲಗಡೆ 5x - 6y ಲೆಕ್ಕ ಹಾಕಿ: e^(2t) ಮುಂದೆ 30 - 18 = 12, e^(-t) ಮುಂದೆ -10 + 12 = 2. ಹೊಂದಿತು. ಎರಡನೇ ಸಮೀಕರಣದಲ್ಲಿ y' = 6 e^(2t) + 2 e^(-t). ಬಲಗಡೆ 3x - 4y ನಲ್ಲಿ 18 - 12 = 6, -6 + 8 = 2. ಇದೂ ಹೊಂದಿತು. ಈ ತಾಳೆಯನ್ನು ಪ್ರಶ್ನೆಯಲ್ಲಿ ಕೊಟ್ಟ ರೂಪದಲ್ಲೇ, ಅಂದರೆ y' + 4y = 3x ನಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಹಂತ 1 ರಲ್ಲಿ ಆದ ತಪ್ಪು ಸಿಕ್ಕಿಬೀಳುವುದು ಹಾಗೆ ಮಾಡಿದಾಗ ಮಾತ್ರ.

ಪೈಥಾನ್‌ನಲ್ಲಿ ನೋಡುವುದಾದರೆ:

```python
import numpy as np
A = np.array([[5, -6], [3, -4]])
lam, V = np.linalg.eig(A)
c = np.linalg.solve(V, [4, 1])
print(lam)
print(V * c)
```

ಇದು ಕೊಡುವ ಐಗನ್‌ವೆಕ್ಟರ್‌ಗಳ ಉದ್ದ 1 ಇರುತ್ತದೆ, ಹಾಗಾಗಿ (2, 1) ಎಂದು ಕಾಣುವುದಿಲ್ಲ. `c` ಕೂಡ 3, -2 ಆಗಿರುವುದಿಲ್ಲ. ಆದರೆ `V * c` ನಲ್ಲಿ 2 ರ ಕೆಳಗಿನ ಕಂಬಸಾಲಿನಲ್ಲಿ 6, 3 ಮತ್ತು -1 ರ ಕೆಳಗಿನದರಲ್ಲಿ -2, -2 ಸಿಗಬೇಕು. ವೆಕ್ಟರ್‌ಗಳು `V` ನ ಕಂಬಸಾಲುಗಳಲ್ಲಿರುತ್ತವೆ. `V[0]` ಎಂದು ಬರೆದರೆ ಸಿಗುವುದು ಅಡ್ಡಸಾಲು, ಅದು ಐಗನ್‌ವೆಕ್ಟರ್ ಅಲ್ಲ. ಬೇಕಾದದ್ದು `V[:, 0]`.

## ಹಂತ 7: ದಶಮಾಂಶಕ್ಕೆ ಇಳಿಸುವ ಮೊದಲು ಯೋಚಿಸಿ

ಕಾಗದದ ಮೇಲೆ ಎಲ್ಲ ಸರಿ ಇದ್ದು, ಸಂಖ್ಯೆ ಹಾಕಿದಾಗ ಕೈಕೊಡುವ ಜಾಗ ಇದು. ಅದೇ ಸಮೀಕರಣಗಳನ್ನೇ ಇಟ್ಟುಕೊಂಡು ಆರಂಭವನ್ನು x(0) = 1, y(0) = 1 ಎಂದು ಬದಲಾಯಿಸೋಣ. ಆಗ c1 = 0, c2 = 1. ಪರಿಹಾರ x = y = e^(-t). ಸ್ಥಿರಾಂಕ ಸೊನ್ನೆ ಬಂದಿದ್ದು ತಪ್ಪಲ್ಲ, ಆರಂಭದ ಬಿಂದು ಸರಿಯಾಗಿ (1, 1) ದಿಕ್ಕಿನ ಮೇಲೆಯೇ ಇದೆ ಎಂದರ್ಥ. ಪರಿಹಾರ ಮೆಲ್ಲಗೆ ಸೊನ್ನೆಯತ್ತ ಇಳಿಯುತ್ತದೆ. t = 5 ರಲ್ಲಿ ಅದು ಸುಮಾರು 0.0067.

ಈಗ x(0) ಅನ್ನು 1.01 ಮಾಡಿ. c1 = 0.01, c2 = 0.99 ಆಗುತ್ತದೆ. ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ t = 5 ರಲ್ಲಿ x ನ ಮೊದಲ ಭಾಗ 0.02 × e^10, ಅಂದರೆ ಸುಮಾರು 440. ಇರಬೇಕಾದದ್ದು 0.0067, ಬಂದದ್ದು 440. ಬೆಳೆಯುವ ಘಾತ ಚಿಕ್ಕ ತಪ್ಪನ್ನೂ ಹಾಗೆ ಎತ್ತಿಬಿಡುತ್ತದೆ.

ಆದ್ದರಿಂದ ಒಂದು ಐಗನ್‌ವ್ಯಾಲ್ಯೂ ಧನ, ಇನ್ನೊಂದು ಋಣ ಇರುವಾಗ c1, c2 ಗಳನ್ನು ಭಿನ್ನರಾಶಿಯಲ್ಲೋ √ ಚಿಹ್ನೆಯಲ್ಲೋ ಕೊನೆಯವರೆಗೂ ಉಳಿಸಿಕೊಳ್ಳಿ. ಎರಡು ದಶಮಾಂಶಕ್ಕೆ ಕತ್ತರಿಸಬೇಡಿ. ಕಂಪ್ಯೂಟರ್ ಕೂಡ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ನಿಜವಾದ 0 ಯ ಜಾಗದಲ್ಲಿ ಅದು 10^(-17) ರಷ್ಟು ಚೂರು ಉಳಿಸಿಕೊಂಡಿದ್ದರೂ, t = 20 ಬರುವಷ್ಟರಲ್ಲಿ e^40 ಅದನ್ನು 2 ಕ್ಕಿಂತ ದೊಡ್ಡದು ಮಾಡಿರುತ್ತದೆ. ಇಳಿಯಬೇಕಾದ ಗೆರೆ ಸ್ವಲ್ಪ ದೂರ ಇಳಿದು ಇದ್ದಕ್ಕಿದ್ದಂತೆ ಮೇಲೆ ಹಾರಿದರೆ, ಮೊದಲು c1 ಅನ್ನು ಪೂರ್ತಿ ಅಂಕಿಗಳೊಂದಿಗೆ ಮುದ್ರಿಸಿ ನೋಡಿ. ಕೈಯಲ್ಲಿ ಮಾಡಿದ ಲೆಕ್ಕ ಅದು ಸೊನ್ನೆ ಎನ್ನುತ್ತಿದ್ದರೆ, ಕೋಡ್‌ನಲ್ಲೂ ಅದನ್ನು ಸೊನ್ನೆ ಎಂದೇ ಬರೆಯಿರಿ.